ರಿಕ್ರೂಟರ್‌ಗೆ ಕೌಂಟರ್ ಆಫರ್ ವಿಷಯ ಹೇಳೋದು ಯಾವಾಗ, ಎಷ್ಟು, ಹೇಗೆ?

ವಾಕಡ್_ಹುಡುಗ (ಶುಕ್ರವಾರ, ಬೆಳಿಗ್ಗೆ 8:10)
ಎಲ್ಲರಿಗೂ ನಮಸ್ಕಾರ. ಕೆಲಸ ಪುಣೆಯ ಹಿಂಜವಡಿಯಲ್ಲಿ, ಮನೆ ವಾಕಡ್‌ನಲ್ಲಿ. ರಾಜೀನಾಮೆ ಕೊಟ್ಟು ಐದು ವಾರ ಆಯ್ತು, ನೋಟಿಸ್ 60 ದಿನ. ಬರುವ ತಿಂಗಳು 6ಕ್ಕೆ ಇಲ್ಲಿ ಕೊನೆಯ ದಿನ, 9ಕ್ಕೆ ನವಿ ಮುಂಬಯಿ ಐರೋಲಿಯ ಕಂಪನಿ ಸೇರಬೇಕು. ಆಫರ್ ಬಂದದ್ದು ಒಂದು ಕನ್ಸಲ್ಟೆನ್ಸಿ ಮೂಲಕ. ಲೆಟರ್‌ಗೆ ಸಹಿ ಹಾಕಿ ಕಳಿಸಿದ್ದೇನೆ.

ನಿನ್ನೆ ಸಂಜೆ ಮ್ಯಾನೇಜರ್ ಕರೆದು, "ಉಳಿ, ನಾವೂ ಕೊಡ್ತೀವಿ" ಅಂದ್ರು. ಎಚ್‌ಆರ್ ಲೆಟರ್ ಸೋಮವಾರ ಅಂತೆ. ಕನ್ಸಲ್ಟೆನ್ಸಿಯ ರಿಕ್ರೂಟರ್ ಮೂರು ದಿನಕ್ಕೊಮ್ಮೆ "ಎಲ್ಲಾ ಸರಿ ಇದೆ ತಾನೇ?" ಅಂತ ಫೋನ್ ಮಾಡ್ತಾರೆ, ಇವತ್ತು ಮಧ್ಯಾಹ್ನವೂ ಮಾಡೋರೇ. ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ. ಈ ಕೌಂಟರ್ ವಿಷಯ ಅವರಿಗೆ ಈಗಲೇ ಹೇಳಲಾ, ತೀರ್ಮಾನ ಆದ ಮೇಲೆ ಹೇಳಲಾ? ಹೇಗೆ ತೀರ್ಮಾನ ಮಾಡ್ತೀನಿ ಅನ್ನೋದನ್ನೂ ಅವರಿಗೆ ವಿವರಿಸಬೇಕಾ?

ಧಾರವಾಡದಾಂವ
ಹೇಳಬ್ಯಾಡ್ರಿ. ಸೋಮವಾರ ಲೆಟರ್ ಬರ್ಲಿ, ನೋಡ್ರಿ, ಆಮ್ಯಾಲೆ ಯಾವ ಕಡಿ ಹೋಗ್ತೀರಿ ಅಂತ ಒಂದ ಮಾತು ಹೇಳಿ ಮುಗಿಸ್ರಿ. ನಡುವ ಅವರ ತಲಿ ಯಾಕ ಕೆಡಸ್ತೀರಿ?

ಬಾಣೇರ್_ಅಕ್ಕ
ಧಾರವಾಡದವರೇ, ಒಪ್ಪಲ್ಲ. ನಾನು ಈ ಮೇಜಿನ ಆ ಕಡೆ ಕೂರುವವಳು, ನೇಮಕಾತಿಯೇ ನನ್ನ ಕೆಲಸ. ಆ ಕಡೆಯಿಂದ ಹೇಗೆ ಕಾಣುತ್ತೆ ಅನ್ನೋದನ್ನು ಹೇಳ್ತೀನಿ.

ಕೊನೆಯ ಸುತ್ತಿನಲ್ಲಿ ಎರಡನೆಯವರಾಗಿ ನಿಂತ ಅಭ್ಯರ್ಥಿ ಒಬ್ಬರು ಇದ್ದೇ ಇರ್ತಾರೆ. ಅವರಿಗೆ ಪೂರ್ತಿ "ಇಲ್ಲ" ಅಂತ ಹೇಳದೆ ಒಂದೆರಡು ವಾರ ಎಳೆಯೋದು ಎಲ್ಲ ಕಡೆ ಇರೋ ಪದ್ಧತಿ. ನೀವು ಇವತ್ತು ವಿಷಯ ತಿಳಿಸಿದ್ರೆ ರಿಕ್ರೂಟರ್ ಅವರನ್ನು ಇನ್ನೂ ನಾಲ್ಕು ದಿನ ಹಿಡಿದಿಟ್ಟುಕೊಳ್ತಾರೆ, ಅಷ್ಟೇ. ನಿಮಗೆ ಅದರಿಂದ ನಷ್ಟ ಏನಿಲ್ಲ. 5ನೇ ತಾರೀಕು "ಸಾರಿ, ಬರಲ್ಲ" ಅಂದ್ರೆ ಆ ಹೊತ್ತಿಗೆ ಅವರೂ ಬೇರೆ ಕಡೆ ಹೋಗಿರ್ತಾರೆ, ಟೀಮಿನವರು ನಿಮ್ಮ ಲ್ಯಾಪ್‌ಟಾಪ್‌ಗೂ ಬರೆದಿರ್ತಾರೆ. ಸಿಟ್ಟು ಬರೋದು ನೀವು ಬರಲಿಲ್ಲ ಅಂತಲ್ಲ, ಮೂರು ಸಲ ಕೇಳಿದಾಗಲೂ "ಎಲ್ಲಾ ಸರಿ" ಅಂದ್ರಲ್ಲ ಅಂತ.

ಇನ್ನೊಂದು ಇದೆ. ಇವತ್ತು ಮಧ್ಯಾಹ್ನದ ಫೋನಿಗೆ ನೀವು ಏನಾದ್ರೂ ಉತ್ತರ ಕೊಡಲೇಬೇಕು. "ಸರಿ ಇದೆ" ಅಂದ್ರೆ ಸುಳ್ಳು. ಫೋನ್ ಎತ್ತದೇ ಇದ್ರೆ ಅದನ್ನೇ ನಾವು "ಕೌಂಟರ್ ಬಂದಿದೆ" ಅಂತ ಓದ್ಕೊಳ್ತೀವಿ. ಒಂದು ಕೆಲಸದ ದಿನದೊಳಗೆ ಹೇಳಿ. ಅವರು ಮಾಡೋ ಮೊದಲೇ ನೀವು ಮಾಡಿ.

ಡೊಂಬಿವಲಿ_ಶೆಟ್ರು
ಕೌಂಟರ್ ಬಂತಾ? ಹಾಗಾದ್ರೆ ಹೊಸ ಕಂಪನಿಗೆ ತೋರಿಸಿ ಇನ್ನೂ ಮೇಲೆ ಕೇಳಿ ಮಾರಾಯ್ರೆ! 10 ಪರ್ಸೆಂಟ್ ಖಂಡಿತ ಏರಿಸ್ತಾರೆ.

ವಾಕಡ್_ಹುಡುಗ
ಶೆಟ್ರೇ, ನಾನು ಕೇಳಿದ್ದು ಅದಲ್ಲ. ಸಹಿ ಹಾಕಿದ ಮೇಲೆ ಮತ್ತೆ ಚೌಕಾಸಿ ಮಾಡೋ ಮನಸ್ಸಿಲ್ಲ. ಹೇಗೆ ತಿಳಿಸೋದು ಅಂತ ಮಾತ್ರ.

ಬಾಣೇರ್_ಅಕ್ಕ
ಶೆಟ್ರು ಹೇಳಿದಂಗೆ ಮಾಡಿದ್ರೆ ಏನಾಗುತ್ತೆ ಅಂತಲೂ ಹೇಳ್ಬಿಡ್ತೀನಿ. ನೀವು ಕೌಂಟರ್ ಅಂದ ತಕ್ಷಣ ರಿಕ್ರೂಟರ್ ಕಿವಿಗೆ ಅದು "ಹೆಚ್ಚು ಕೊಡಿ" ಅಂತಲೇ ಕೇಳಿಸುತ್ತೆ. ಅವರು ಕ್ಲೈಂಟ್ ಕಂಪನಿಗೆ ಹೋಗಿ "ಅಭ್ಯರ್ಥಿ ಇಷ್ಟು ಕೇಳ್ತಿದ್ದಾರೆ" ಅಂತ ಒಯ್ದು ಮುಟ್ಟಿಸ್ತಾರೆ. ನೀವು ಕೇಳಿರೋದೇ ಇಲ್ಲ, ಆದ್ರೆ ಅಲ್ಲಿ ನಿಮ್ಮ ಹೆಸರಿನ ಮುಂದೆ "ಸಹಿ ಆದ ಮೇಲೆ ಮತ್ತೆ ಕೇಳಿದ" ಅಂತ ಬಿತ್ತು. ಕೆಲವು ಕಡೆ ಇಷ್ಟಕ್ಕೇ ಆಫರ್ ವಾಪಸ್ ತಗೊಂಡುಬಿಡ್ತಾರೆ. ಅದಕ್ಕೇ "ಇದು ಹೆಚ್ಚು ಸಂಬಳದ ಬೇಡಿಕೆ ಅಲ್ಲ" ಅನ್ನೋ ವಾಕ್ಯ ಬಾಯಲ್ಲೂ ಬರಬೇಕು, ಮೇಲ್‌ನಲ್ಲೂ ಇರಬೇಕು.

ಲೆಕ್ಕದ_ಪಾಟೀಲ
ಅಕ್ಕಾವ್ರ ಮಾತಿಗೆ ಒಂದು ಸೇರಿಸ್ತೀನ್ರಿ. ಕನ್ಸಲ್ಟೆನ್ಸಿಯವರಿಗೆ ದುಡ್ಡು ಬರೋದು ನೀವು ಸೇರಿದ ಮ್ಯಾಲೆ. ಬಹಳ ಕಡಿ ಒಪ್ಪಂದ ಶೇ. 8.33, ಅಂದ್ರ ನಿಮ್ಮ ಒಂದು ತಿಂಗಳ ಸಿಟಿಸಿ. ಅದೂ ನೀವು 60ರಿಂದ 90 ದಿನ ಅಲ್ಲೇ ಉಳಿದ್ರ ಮಾತ್ರ, ಇಲ್ಲಾಂದ್ರ ಬದಲಿ ಮಂದಿ ಕೊಡಬೇಕು. ಹಿಂಗಾಗಿ ಅವರು "ಕೌಂಟರ್ ಒಪ್ಪಿದವ್ರು ಆರು ತಿಂಗಳಿಗೆ ಮತ್ತ ಹೊರಗ ಬೀಳ್ತಾರ" ಅಂತ ಹೆದರಿಸ್ತಾರ. ಅದನ್ನ ಲೆಕ್ಕಕ್ಕ ತಗೋಬ್ಯಾಡ್ರಿ. ಹಂಗಂತ ಅವರ ಮ್ಯಾಲೆ ಸಿಟ್ಟೂ ಆಗಬ್ಯಾಡ್ರಿ, ಅದು ಅವರ ಹೊಟ್ಟಿಪಾಡು.

ನಿಮ್ಮ ಅಂಕಿ ಹಾಕ್ರಿ. ಅಂಕಿ ಇಲ್ಲದ "ಹೆಂಗ ತೀರ್ಮಾನ ಮಾಡಲಿ" ಅಂದ್ರ ಎಲ್ಲಾ ಗಾಳಿಮಾತು.

ವಾಕಡ್_ಹುಡುಗ
ಸರಿ, ಬಿಚ್ಚಿಯೇ ಹೇಳ್ತೀನಿ.
ಈಗ: 16 ಲಕ್ಷ. ಖಾಯಂ 14.4, ವೇರಿಯಬಲ್ 1.6.
ಐರೋಲಿ: 22 ಲಕ್ಷ. ಖಾಯಂ 19.2, ವೇರಿಯಬಲ್ 1.8, ಜಾಯ್ನಿಂಗ್ ಬೋನಸ್ 1.
ಕೌಂಟರ್ (ಬಾಯಿಮಾತು): 21.5 ಲಕ್ಷ. ಖಾಯಂ 17.4, ವೇರಿಯಬಲ್ 2.1, ರಿಟೆನ್ಷನ್ ಬೋನಸ್ 2, ಅದು 12 ತಿಂಗಳ ನಂತರ.
ಬಿಡೋಕೆ ಹೊರಟದ್ದು ರಾತ್ರಿ ಪಾಳಿ ಸಪೋರ್ಟ್ ಸಾಕಾಗಿ. ಉಳಿದ್ರೆ "ಬೇರೆ ಟೀಮಿಗೆ ಹಾಕ್ತೀವಿ" ಅಂತಲೂ ಅಂದಿದ್ದಾರೆ. ಬರೀ 50 ಸಾವಿರದ ವ್ಯತ್ಯಾಸಕ್ಕೆ ಊರು ಬಿಟ್ಟು ಹೋಗೋದಾ ಅಂತ ಮನೆಯವರ ಪ್ರಶ್ನೆ.

ಲೆಕ್ಕದ_ಪಾಟೀಲ
50 ಸಾವಿರ ಅಲ್ರಿ ತಮ್ಮಾ. ಒಂದ್ಸಲ ಬರೋ ದುಡ್ಡು ತಗದಿಡ್ರಿ. ಜಾಯ್ನಿಂಗ್ ಬೋನಸ್ಸೂ ರಿಟೆನ್ಷನ್ ಬೋನಸ್ಸೂ ಎರಡನೇ ವರ್ಷ ಇರೂದಿಲ್ಲ. ವೇರಿಯಬಲ್ ಯಾವತ್ತೂ ಪೂರ್ತಿ ಬರೂದಿಲ್ಲ, ಅದನ್ನೂ ಬದಿಗಿಡ್ರಿ. ಉಳೀತು ಖಾಯಂ: 19.2 ಎದುರಿಗೆ 17.4. ವರ್ಷಕ್ಕ 1.8 ಲಕ್ಷ, ತಿಂಗಳಿಗೆ 15,000.

ಈ ಸಂಬಳಕ್ಕ ಹೊಸ ತೆರಿಗೆ ಪದ್ಧತಿಯೊಳಗ ಮ್ಯಾಲಿನ ರೂಪಾಯಿ ಶೇ. 20ರ ಹಂತದಾಗ ಬೀಳ್ತದ, ಸೆಸ್ ಸೇರಿ 20.8. ಹದಿನೈದರಾಗ ಕೈಗೆ ಬರೋದು ಹನ್ನೆರಡರ ಸುತ್ತಮುತ್ತ. ಈಗ ಹೇಳ್ರಿ, ವಾಕಡ್ ಬಾಡಿಗಿ ಎಷ್ಟು, ಐರೋಲಿಯೊಳಗ ಎಷ್ಟು ನೋಡೀರಿ?

ವಾಕಡ್_ಹುಡುಗ
ಇಲ್ಲಿ 24,000. ಐರೋಲಿಯಲ್ಲಿ ನೋಡಿದ ಮನೆ 36,000.

ಲೆಕ್ಕದ_ಪಾಟೀಲ
ಮುಗೀತಲ್ಲ. 12,000 ಹೆಚ್ಚು ಬರ್ತದ, 12,000 ಬಾಡಿಗಿಗೆ ಹೋಗ್ತದ. ರೊಕ್ಕದ ಮಟ್ಟಿಗೆ ಎರಡೂ ಒಂದ. ಇನ್ನ ತೀರ್ಮಾನ ಆಗಬೇಕಾದ್ದು ರಾತ್ರಿ ಪಾಳಿ ಮ್ಯಾಲೆ.

ಡೊಂಬಿವಲಿ_ಶೆಟ್ರು
ಐರೋಲಿಯಲ್ಲೇ ಯಾಕೆ ಮನೆ? ಡೊಂಬಿವಲಿಗೆ ಬನ್ನಿ, ಕಡಿಮೆಗೆ ಸಿಗ್ತದೆ. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೈನ್ ಹಿಡಿದ್ರೆ ಮುಂದಿನದ್ದು ಐರೋಲಿ ಕಡೆಗೇ. ಊರಿನವರೂ ಸುಮಾರು ಜನ ಇದ್ದೇವೆ, ನೀರು ದೋಸೆಗೆ ಬರಗಾಲ ಇಲ್ಲ.

ಕೊತ್ರೂಡ್_ಕಾಕಾ
ಬೆಳಿಗ್ಗೆ ಎಂಟರ ಡೊಂಬಿವಲಿ ಲೋಕಲ್ ಹತ್ತಿ ಆಮೇಲೆ ಆ ಮಾತು ಹೇಳಿ ಶೆಟ್ರೇ. ಪುಣೆ ಹುಡುಗನಿಗೆ ಬಾಗಿಲ ತನಕ ಹೋಗೋಕೂ ಆಗಲ್ಲ. 😄

ಬಾಣೇರ್_ಅಕ್ಕ
ವಾಕಡ್ ಅವರೇ, ವಾರಕ್ಕೆ ಎಷ್ಟು ದಿನ ಆಫೀಸು ಅಂತ ಆಫರ್ ಲೆಟರ್‌ನಲ್ಲಿ ಇದೆಯಾ?

ವಾಕಡ್_ಹುಡುಗ
ಇಲ್ಲ. ಇಂಟರ್‌ವ್ಯೂನಲ್ಲಿ "ಹೈಬ್ರಿಡ್" ಅಂದಿದ್ರು, ಅಷ್ಟೇ.

ಬಾಣೇರ್_ಅಕ್ಕ
ಹಾಗಾದ್ರೆ ನಿಮ್ಮ ಲೆಕ್ಕವೇ ಇನ್ನೂ ಪೂರ್ತಿಯಾಗಿಲ್ಲ. ವಾರಕ್ಕೆ ಎರಡು ದಿನ ಆದ್ರೆ ಮನೆ ಬದಲಿಸದೇನೇ ಓಡಾಡಬಹುದು. ನಾಲ್ಕು ದಿನ ಆದ್ರೆ ಬಾಡಿಗೆಯ 12,000 ಖಚಿತ. ರಿಕ್ರೂಟರ್ ಹತ್ತಿರ ನಿಮಗೆ ನಿಜವಾಗಿ ಬೇಕಾಗಿರೋದು ಈ ಉತ್ತರ, ಹೆಚ್ಚು ಹಣ ಅಲ್ಲ. ಕೌಂಟರ್ ವಿಷಯ ಹೇಳೋ ಫೋನಿನಲ್ಲೇ ಇದನ್ನೂ ಕೇಳಿ. ಆಗ "ತೂಗಿ ನೋಡ್ತಿದ್ದಾನೆ, ಏನು ತೂಗ್ತಿದ್ದಾನೆ ಅಂತಲೂ ಗೊತ್ತು" ಅಂತ ಅವರಿಗೆ ಅರ್ಥವಾಗುತ್ತೆ. ಅವರಿಗೂ ಮಾಡೋಕೆ ಒಂದು ಕೆಲಸ ಸಿಗುತ್ತೆ. ಏನೂ ಮಾಡೋಕಿಲ್ಲದ ರಿಕ್ರೂಟರ್ ದಿನಕ್ಕೆರಡು ಸಲ ಫೋನ್ ಮಾಡ್ತಾರೆ.

ಮೊದಲು ಫೋನ್, ಅದೇ ದಿನ ಮೇಲ್. ಬರೀ ಮೇಲ್ ಕಳಿಸಿದ್ರೆ ಅದನ್ನು ಹಾಗೇ ಮುಂದಕ್ಕೆ ದಾಟಿಸ್ತಾರೆ, ಓದಿದವರು ತಮಗೆ ತೋಚಿದ ದನಿ ಹಚ್ಕೊಳ್ತಾರೆ. ಬರೀ ಫೋನ್ ಆದ್ರೆ ನೀವು ಹೇಳಿದ ದಿನಾಂಕ ಯಾರಿಗೂ ನೆನಪಿರಲ್ಲ. ಮೇಲ್ ಹೀಗಿರಲಿ, ಇಂಗ್ಲಿಷಿಗೆ ನೀವೇ ಮಾಡ್ಕೊಳ್ಳಿ:

> ನಮಸ್ಕಾರ. ಬೆಳಿಗ್ಗೆ ಫೋನಿನಲ್ಲಿ ತಿಳಿಸಿದಂತೆ, ಈಗಿನ ಕಂಪನಿಯವರು ಗುರುವಾರ ಸಂಜೆ ನನ್ನನ್ನು ಉಳಿಸಿಕೊಳ್ಳಲು ಬಾಯಿಮಾತಿನ ಕೌಂಟರ್ ಆಫರ್ ಕೊಟ್ಟಿದ್ದಾರೆ. ನಾನು ಒಪ್ಪಿಕೊಂಡಿಲ್ಲ. ರಾಜೀನಾಮೆ ಹಾಗೆಯೇ ಇದೆ. ಲಿಖಿತ ಪತ್ರ ಸೋಮವಾರ ಬರಬೇಕು.
> ಕೆಲಸದ ಸ್ವರೂಪ ಮತ್ತು ಪಾಳಿ, ಖಾಯಂ ಸಂಬಳ, ಐರೋಲಿಗೆ ಬರುವ ಖರ್ಚು, ಈ ಮೂರನ್ನು ನೋಡಿ ಬುಧವಾರ ಸಂಜೆ 6ರೊಳಗೆ ನನ್ನ ತೀರ್ಮಾನ ತಿಳಿಸುತ್ತೇನೆ. ಇದು ಹೆಚ್ಚು ಸಂಬಳದ ಬೇಡಿಕೆ ಅಲ್ಲ.
> ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಎಂಬುದನ್ನು ಮಂಗಳವಾರದೊಳಗೆ ಲಿಖಿತವಾಗಿ ತಿಳಿಸಿದರೆ ಅನುಕೂಲ. ಸೇರುವ ದಿನಾಂಕ 9 ಸದ್ಯಕ್ಕೆ ಹಾಗೆಯೇ ಇರಲಿ.

ಇಷ್ಟೇ. "ತುಂಬಾ ಗೊಂದಲದಲ್ಲಿದ್ದೇನೆ", "ಮನೆಯವರು ಒಪ್ತಿಲ್ಲ" ಇವೆಲ್ಲ ಬೇಡ. ಮನೆಯವರ ಹೆಸರು ಬಂದ್ರೆ ನಾವು ಅದನ್ನು "ಬರಲ್ಲ" ಅಂತಲೇ ಗುರುತು ಹಾಕ್ಕೊಳ್ತೀವಿ. ತಪ್ಪೋ ಸರಿಯೋ, ಅಭ್ಯಾಸ.

ಧಾರವಾಡದಾಂವ
"ಒಪ್ಪಿಕೊಂಡಿಲ್ಲ" ಅಂತ ಬರದು ಬುಧವಾರ ಉಳೀತೀನಿ ಅಂದ್ರ ಸುಳ್ಳ ಹೇಳಿದಂಗ ಆಗೂದಿಲ್ಲೇನ್ರಿ?

ಬಾಣೇರ್_ಅಕ್ಕ
ಶುಕ್ರವಾರದ ಮಟ್ಟಿಗೆ ಅದು ನಿಜ ತಾನೇ? ಒಳಗೊಳಗೇ ಒಪ್ಪಿಯಾಗಿದ್ರೆ ಈ ಮೇಲ್ ಬರೀಬಾರದು. ಆಗ ನೇರವಾಗಿ "ಬರಲ್ಲ" ಅನ್ನಬೇಕು.

ಪಿಂಪರಿ_ಜೋಶಿ
ಎಷ್ಟು ಕೊಟ್ರು ಅಂತ ರಿಕ್ರೂಟರ್ ಕೇಳೇ ಕೇಳ್ತಾರೆ. ಹೇಳ್ಬೇಕಾ?

ಬಾಣೇರ್_ಅಕ್ಕ
ನನ್ನ ಪ್ರಕಾರ ಬೇಡ. ಅಂಕಿ ಬಾಯಿಂದ ಬಿದ್ದ ಕ್ಷಣ ಮಾತೆಲ್ಲ ಅಂಕಿಯ ಸುತ್ತಲೇ ತಿರುಗುತ್ತೆ. "ಲಿಖಿತವಾಗಿ ಬಂದಿಲ್ಲ, ಅದಕ್ಕೇ ಅಂಕಿ ಹೇಳಲ್ಲ, ಸಂಬಳ ಇಲ್ಲಿ ಮುಖ್ಯ ಪ್ರಶ್ನೆ ಅಲ್ಲ" ಅಂದ್ರೆ ಸಾಕು.

ಕೊತ್ರೂಡ್_ಕಾಕಾ
ನಾನು ಹೇಳಬೇಕು ಅಂತೀನಿ. ಬಾಯಿ ಮುಚ್ಚಿಕೊಂಡ್ರೆ ಅವರು ಇನ್ನೂ ದೊಡ್ಡ ಅಂಕಿ ಊಹಿಸ್ಕೊಳ್ತಾರೆ, "ಇವನು ಹೋದ" ಅಂತ ಎರಡನೆಯವನಿಗೆ ಆಫರ್ ಕಳಿಸ್ತಾರೆ. ಖಾಯಂ ಸಂಬಳದಲ್ಲಿ ನಿಮ್ಮದಕ್ಕಿಂತ ಕಡಿಮೆಯೇ ಇದೆ ಅಂತ ಹೇಳೋದರಲ್ಲಿ ನಷ್ಟ ಏನು? ಅವರಿಗೂ ಉಸಿರು ಬರುತ್ತೆ.

ಬಾಣೇರ್_ಅಕ್ಕ
ಕಾಕಾ, "ಖಾಯಂನಲ್ಲಿ ಕಡಿಮೆ" ಅನ್ನೋ ಮಟ್ಟಿಗೆ ಒಪ್ಪಬಹುದು. 17.4 ಅಂತ ಬಾಯಿ ಬಿಡೋದು ಬೇಡ ಅನ್ನೋದೇ ನನ್ನ ಮಾತು.

ಕೊತ್ರೂಡ್_ಕಾಕಾ
ಅಂಕಿ ಹೇಳದ ಮಾತಿಗೆ ತೂಕ ಇಲ್ಲ ಅನ್ನೋದು ನನ್ನ ಮಾತು. ಬಿಡಿ, ಇಬ್ಬರೂ ಬದಲಾಗಲ್ಲ.

ವಾಸ್ಕೊ_ನಾಯಕ
ನಾನು ಗೋವಾ ವೆರ್ಣಾದಲ್ಲಿ ಫಾರ್ಮಾ ಕಂಪನಿಯಲ್ಲಿ ಇದ್ದೇನೆ. ನನಗೂ ಕೌಂಟರ್ ಬಂದಿದೆ, ಆದರೆ ಕನ್ಸಲ್ಟೆನ್ಸಿ ಇಲ್ಲ, ಹೊಸ ಕಂಪನಿಯ ಎಚ್‌ಆರ್ ನೇರ ಸಂಪರ್ಕದಲ್ಲಿದ್ದಾರೆ. ನೋಟಿಸ್ 90 ದಿನ, ಅದರಲ್ಲಿ 45 ದಿನದ್ದು ಹೊಸಬರೇ ಬೈಔಟ್ ಮಾಡಿ ಕೊಡ್ತೇನೆ ಅಂದಿದ್ದಾರೆ. ನನಗೂ ಇದೇ ಮೇಲ್ ನಡೀತದಾ?

ಬಾಣೇರ್_ಅಕ್ಕ
ಮೇಲ್ ನಡೆಯುತ್ತೆ, ಬುಧವಾರ ಅನ್ನೋದು ನಡೆಯಲ್ಲ. ಬೈಔಟ್ ದುಡ್ಡು ಸಾಮಾನ್ಯವಾಗಿ ಮೊದಲು ನೀವು ಈಗಿನ ಕಂಪನಿಗೆ ಕಟ್ಟಿ, ಆಮೇಲೆ ರಸೀದಿ ತೋರಿಸಿ ಹೊಸಬರಿಂದ ಪಡೀಬೇಕು. ಕಟ್ಟಿದ ಮೇಲೆ ಉಳೀತೀನಿ ಅಂದ್ರೆ ಅದನ್ನು ವಾಪಸ್ ಕೊಡೋರು ಯಾರು? ಅದಕ್ಕೇ ನಿಮ್ಮ ತೀರ್ಮಾನ ದುಡ್ಡು ಕಟ್ಟೋ ದಿನದ ಮೊದಲು ಆಗಬೇಕು. ದಿನ ಎಣಿಸಿ.

ಕೊತ್ರೂಡ್_ಕಾಕಾ
ವಾಕಡ್ ಹುಡುಗನಿಗೆ ಇನ್ನೊಂದು ಪ್ರಶ್ನೆ. ಈ ಕಂಪನಿಯಲ್ಲಿ ಎಷ್ಟು ವರ್ಷ ಆಯ್ತು? ಗ್ರ್ಯಾಚ್ಯುಟಿ ನೋಡಿದ್ಯಾ?

ವಾಕಡ್_ಹುಡುಗ
ಕೊನೆಯ ದಿನಕ್ಕೆ 4 ವರ್ಷ 4 ತಿಂಗಳು ಆಗುತ್ತೆ. ಬೇಸಿಕ್ 50,000.

ಪಿಂಪರಿ_ಜೋಶಿ
ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಗ್ರ್ಯಾಚ್ಯುಟಿಗೆ ಒಂದೇ ವರ್ಷ ಸಾಕು. ನಿಮಗೆ ಬಂದೇ ಬರುತ್ತೆ, ಚಿಂತೆ ಬಿಡಿ.

ಲೆಕ್ಕದ_ಪಾಟೀಲ
ಜೋಶಿಯವ್ರ, ಅರ್ಧ ಸರಿ. ಒಂದು ವರ್ಷ ಅನ್ನೋದು ನಿಗದಿತ ಅವಧಿಗೆ ಅಂತ ಒಪ್ಪಂದದ ಮ್ಯಾಲೆ ತಗೊಂಡವರಿಗೆ. ಇವರಂಥ ಖಾಯಂ ನೌಕರರಿಗೆ ಐದು ವರ್ಷದ್ದೇ ಲೆಕ್ಕ. 4 ವರ್ಷ 240 ದಿನ ಆದ್ರ ಸಿಗ್ತದ ಅಂತ ಮದ್ರಾಸ್ ಹೈಕೋರ್ಟ್ ತೀರ್ಪು ಹಿಡದು ಕೆಲವು ಕಂಪನಿ ಕೊಡ್ತಾವ, ಕೆಲವು ಕೊಡೂದಿಲ್ಲ. ಇವರಿಗೆ ಅದೂ ಮುಟ್ಟೂದಿಲ್ಲ, 4 ತಿಂಗಳು ಅಂದ್ರ 120 ದಿನದ ಆಸುಪಾಸು.

ಐದು ವರ್ಷ ತುಂಬಿದ್ರ ಎಷ್ಟು? ಬೇಸಿಕ್ ಅನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಐದರಿಂದ ಗುಣಿಸ್ರಿ. 50,000ಕ್ಕ 1,44,230 ಆಗ್ತದ. ಇನ್ನೂ ಎಂಟು ತಿಂಗಳು ಉಳಿದ್ರ ಅದು ಕೈಗೆ. ಈಗ ಹೋದ್ರ ಸೊನ್ನಿ. ಹೊಸ ಕಂಪನಿಯ ಜಾಯ್ನಿಂಗ್ ಬೋನಸ್ 1 ಲಕ್ಷ ಐತಲ್ಲ, ಅದು ಇದನ್ನೂ ತುಂಬಿಕೊಡೂದಿಲ್ಲ, ತೆರಿಗಿ ಬ್ಯಾರೆ.

ವಾಕಡ್_ಹುಡುಗ
ಇದು ನನ್ನ ತಲೆಗೇ ಬಂದಿರಲಿಲ್ಲ. ಹಾಗಾದ್ರೆ ಉಳಿಯೋದೇ ಲಾಭ ಅಂತಾಯ್ತಲ್ಲ.

ಬಾಣೇರ್_ಅಕ್ಕ
ಆತುರ ಬೇಡ. ಕೌಂಟರ್‌ನ 2 ಲಕ್ಷ ರಿಟೆನ್ಷನ್ ಬೋನಸ್‌ನ ಷರತ್ತು ಇನ್ನೂ ಯಾರೂ ನೋಡಿಲ್ಲ. ಸೋಮವಾರ ಲೆಟರ್ ಬಂದಾಗ ಮೊದಲು ಹುಡುಕಬೇಕಾದ ವಾಕ್ಯ: "ಪಾವತಿಯ ದಿನ ನೌಕರ ಸೇವೆಯಲ್ಲಿರಬೇಕು, ನೋಟಿಸ್ ಅವಧಿಯಲ್ಲಿ ಇರಬಾರದು". ಇದು ಇದ್ದೇ ಇರುತ್ತೆ. 12ನೇ ತಿಂಗಳು ದುಡ್ಡು ಬರಬೇಕು ಅಂದ್ರೆ 60 ದಿನದ ನೋಟಿಸ್ ಅದಾದ ಮೇಲೆಯೇ ಶುರು. ಅಂದ್ರೆ ನಿಜವಾದ ಕಟ್ಟು 14 ತಿಂಗಳು.

ಎರಡನೆಯದು, ಮುಂದಿನ ಸಂಬಳ ಪರಿಷ್ಕರಣೆ ಯಾವತ್ತಿಂದ ಅಂತ ಬರೆದಿದೆಯಾ? ಬರುವ ಏಪ್ರಿಲ್‌ನ ಏರಿಕೆಯನ್ನೇ ಈಗ ಮುಂಗಡ ಕೊಟ್ಟು, "ಮುಂದಿನದು ಅದರ ಮುಂದಿನ ಏಪ್ರಿಲ್" ಅಂತ ಹಾಕೋದು ಮಾಮೂಲಿ. ಹಾಗಿದ್ರೆ 14.4ರಿಂದ 17.4 ಅನ್ನೋದು ಎರಡು ವರ್ಷದ ಏರಿಕೆ.

ಮೂರನೆಯದು ರಾತ್ರಿ ಪಾಳಿ. ನೀವು ಬಿಟ್ಟದ್ದೇ ಅದಕ್ಕೆ. ಟೀಮ್ ಬದಲಾವಣೆ ಲೆಟರ್‌ನಲ್ಲಿ ಬರಲ್ಲ, ಎಚ್‌ಆರ್ ಲೆಟರ್‌ನಲ್ಲಿ ದುಡ್ಡು ಮಾತ್ರ ಇರುತ್ತೆ. ಅದಕ್ಕೆ ಮ್ಯಾನೇಜರ್‌ಗೇ ಒಂದು ಮೇಲ್ ಹಾಕಿ: "ನಾವು ಮಾತಾಡಿದಂತೆ ಇಂಥ ದಿನಾಂಕದಿಂದ ಇಂಥ ಟೀಮ್, ರಾತ್ರಿ ಪಾಳಿ ಇಲ್ಲ, ಸರಿ ತಾನೇ?" ಹೊಸ ಟೀಮಿನ ಮ್ಯಾನೇಜರ್‌ಗೂ ಪ್ರತಿ ಹೋಗಲಿ. "ಸರಿ" ಅಂತ ಉತ್ತರ ಬಂದ್ರೆ ಆಫರ್. "ಕೂತು ಮಾತಾಡೋಣ" ಅಂದ್ರೆ ನಿಮ್ಮ ಜಾಗಕ್ಕೆ ಜನ ಸಿಗೋ ತನಕ ತಡೆಯೋ ಉಪಾಯ.

ಧಾರವಾಡದಾಂವ
ಈಗ ಅಕ್ಕಾವ್ರ ಮಾತು ತಿಳೀತು. ಆದ್ರೂ ಒಂದು ಅಂತೀನಿ. ರಾಜೀನಾಮಿ ವಾಪಸ್ ತಗೋಳೂದು ನೌಕರನ ಹಕ್ಕು. ಕೊಂಕಣ ರೈಲ್ವೆ ನೌಕರರೊಬ್ಬರ ಪ್ರಕರಣದಾಗ 2024ರಾಗ ಸುಪ್ರೀಂ ಕೋರ್ಟೇ ಹೇಳೇತಿ. ಹಿಂಗಾಗಿ ಮೊದಲು ವಾಪಸ್ ತಗೊಂಡು, ಆರಾಮಾಗಿ ಲೆಟರ್ ಕೇಳ್ರಿ.

ಕೊತ್ರೂಡ್_ಕಾಕಾ
ಅದು ಅಂಗೀಕಾರದ ಪತ್ರ ನೌಕರನಿಗೆ ತಲುಪಿಯೇ ಇರಲಿಲ್ಲ ಅನ್ನೋ ಪ್ರಕರಣ. ಮೇಲಾಗಿ ಸರ್ಕಾರಿ ನಿಗಮ. ಖಾಸಗಿ ಕಂಪನಿಯಲ್ಲಿ ನಡೆಯೋದು ನೇಮಕಾತಿ ಪತ್ರದ ಷರತ್ತು. ಇವನದು ಒಪ್ಪಿ, ಪೋರ್ಟಲ್‌ನಲ್ಲಿ ಕೊನೆಯ ದಿನವೂ ಬಿದ್ದಾಗಿದೆ. ಈಗ ವಾಪಸ್ ಅಂದ್ರೆ ಅವರೂ ಹೂಂ ಅನ್ನಬೇಕು.

ಕಾನೂನು ಬದಿಗಿರಲಿ, ಲೆಟರ್ ಬರೋ ಮೊದಲೇ ಪೋರ್ಟಲ್‌ನಲ್ಲಿ ವಾಪಸ್ ಒತ್ತಿದ್ರೆ ಅವರಿಗೆ ಲೆಟರ್ ಕೊಡೋ ಅವಸರ ಯಾಕೆ ಇರುತ್ತೆ? ಸೋಮವಾರದ್ದು ಮುಂದಿನ ಸೋಮವಾರ ಆಗುತ್ತೆ. ಅಷ್ಟರಲ್ಲಿ ಐರೋಲಿಯೂ ಹೋಗಿರುತ್ತೆ.

ಪಿಂಪರಿ_ಜೋಶಿ
ಆಫರ್‌ಗೆ ಸಹಿ ಹಾಕಿ ಸೇರದೇ ಇದ್ರೆ ಆ ಕಂಪನಿ ಕೇಸ್ ಹಾಕಲ್ವಾ? ಬ್ಲಾಕ್‌ಲಿಸ್ಟ್ ಅಂತೂ ಮಾಡ್ತಾರಂತೆ.

ಬಾಣೇರ್_ಅಕ್ಕ
ಸೇರೋ ಮೊದಲೇ ತಿಳಿಸಿದವರ ಮೇಲೆ ಕೇಸ್ ಹಾಕೋಕೆ ಹೋಗೋದು ಬಲು ಅಪರೂಪ. ಮುಂಗಡ ಹಣವೋ ಸ್ಥಳಾಂತರದ ಖರ್ಚೋ ತಗೊಂಡಿದ್ರೆ ಅದನ್ನು ವಾಪಸ್ ಕೇಳ್ತಾರೆ. ಬ್ಲಾಕ್‌ಲಿಸ್ಟ್ ಅಂತ ದೊಡ್ಡ ಪುಸ್ತಕ ಏನಿಲ್ಲ. ನೇಮಕಾತಿ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಹೆಸರಿನ ಪಕ್ಕ "ಆಫರ್ ಒಪ್ಪಿ ಸೇರಲಿಲ್ಲ" ಅಂತ ಇರುತ್ತೆ, ಕೆಳಗೆ ಒಂದು ಸಾಲು ಟಿಪ್ಪಣಿ. ಆ ಸಾಲು "ಕೌಂಟರ್ ಬಂತು, ಎರಡು ವಾರ ಮೊದಲೇ ತಿಳಿಸಿದ" ಅಂತಿದ್ರೆ ಎರಡು ವರ್ಷದ ನಂತರ ಫೋನ್ ಬರುತ್ತೆ. "ಸೇರೋ ದಿನ ಫೋನ್ ಆಫ್" ಅಂತಿದ್ರೆ ಬರಲ್ಲ.

ಡೊಂಬಿವಲಿ_ಶೆಟ್ರು
ಕನ್ಸಲ್ಟೆನ್ಸಿಗೆ ಮಾತ್ರ ಹೇಳಿದ್ರೆ ಸಾಕಾ, ಕಂಪನಿಯ ಎಚ್‌ಆರ್‌ಗೂ ಹೇಳುದಾ? ಅವರು ಮಧ್ಯದಲ್ಲಿ ಏನೇನೋ ಸೇರಿಸಿದ್ರೆ?

ಬಾಣೇರ್_ಅಕ್ಕ
ಶೆಟ್ರೇ, ಈ ಸಲ ಸರಿಯಾದ ಪ್ರಶ್ನೆ. ಫೋನ್ ಕನ್ಸಲ್ಟೆನ್ಸಿಯವರಿಗೆ. ಅವರನ್ನು ದಾಟಿ ನೇರವಾಗಿ ಹೋದ್ರೆ ಅವರ ಮುಖಕ್ಕೆ ಹೊಡೆದಂಗೆ. ಮೇಲ್‌ನಲ್ಲಿ ಮಾತ್ರ, ಆಫರ್ ಲೆಟರ್ ಕಳಿಸಿದ ಎಚ್‌ಆರ್ ವಿಳಾಸವನ್ನು ಪ್ರತಿಗೆ ಹಾಕಿ. ಹಾಕ್ತೀನಿ ಅಂತ ಫೋನಿನಲ್ಲೇ ಹೇಳ್ಬಿಡಿ. ಆಗ ನಡುವೆ ಬಣ್ಣ ಹಚ್ಚೋಕೆ ಜಾಗ ಇರಲ್ಲ.

ವಾಕಡ್_ಹುಡುಗ (ಶುಕ್ರವಾರ, ಸಂಜೆ 7:40)
ಮಾಡಿದೆ. ಹನ್ನೊಂದಕ್ಕೆ ನಾನೇ ಫೋನ್ ಮಾಡಿ ಹೇಳಿದೆ, ಮೇಲೂ ಹೋಯ್ತು. ಮೊದಲ ಪ್ರಶ್ನೆ ಜೋಶಿಯವರು ಹೇಳಿದ್ದೇ, "ಎಷ್ಟು?" ಖಾಯಂನಲ್ಲಿ ನಿಮ್ಮದಕ್ಕಿಂತ ಕಡಿಮೆ ಅಂದೆ, ಅಂಕಿ ಹೇಳಲಿಲ್ಲ. ಎರಡನೆಯದು: "ನಾವು 5 ಪರ್ಸೆಂಟ್ ಹೆಚ್ಚಿಸಿದ್ರೆ ಈಗಲೇ ಹೌದು ಅಂತೀರಾ?" ಒಂದು ಕ್ಷಣ ಬಾಯಿ ಕಟ್ಟಿಹೋಯ್ತು. "ಬೇಡ, ಆಫೀಸ್ ದಿನ ಎಷ್ಟು ಅಂತ ಹೇಳಿ" ಅಂದೆ.

ಬಾಣೇರ್_ಅಕ್ಕ
ಚೆನ್ನಾಗಿ ತಪ್ಪಿಸ್ಕೊಂಡ್ರಿ. ಆ 5 ಪರ್ಸೆಂಟ್ ಅವರ ಕೈಯಲ್ಲಿ ಇರಲಿಲ್ಲ, ಅಳೆದು ನೋಡಿದ್ದು. ಹೌದು ಅಂದಿದ್ರೆ ಅದು ಮಾತು ಕೊಟ್ಟ ಹಾಗೆ. ಮೇಲೆ ಹೋಗಿ ಕೇಳಿ ಸಿಗಲಿಲ್ಲ ಅಂದ್ರೂ "ನೀವು ಬರ್ತೀನಿ ಅಂದಿದ್ರಲ್ಲ" ಅಂತ ಹಿಡಿದುಕೊಳ್ತಿದ್ರು.

ಲೆಕ್ಕದ_ಪಾಟೀಲ
5 ಪರ್ಸೆಂಟ್ ಯಾವುದರ ಮ್ಯಾಲೆ ಅಂತ ಕೇಳಬೇಕಿತ್ರಿ. ಸಿಟಿಸಿ ಮ್ಯಾಲೆ ಅಂದು ವೇರಿಯಬಲ್‌ದಾಗ ಹಾಕ್ತಾರ. 😄

ವಾಕಡ್_ಹುಡುಗ (ಸೋಮವಾರ, ರಾತ್ರಿ 9:15)
ಲೆಟರ್ ಬಂತು. ಅಂಕಿ ಅದೇ, 17.4. ಅಕ್ಕ ಹೇಳಿದ ನೋಟಿಸ್ ವಾಕ್ಯ ಅಕ್ಷರಶಃ ಇದೆ. ಮುಂದಿನ ಪರಿಷ್ಕರಣೆ ಬರುವ ಏಪ್ರಿಲ್ ಅಲ್ಲ, ಅದರ ಮುಂದಿನದು. ಮ್ಯಾನೇಜರ್‌ಗೆ ಟೀಮ್ ಬಗ್ಗೆ ಹಾಕಿದ ಮೇಲ್‌ಗೆ "ನಾಳೆ ಕಾಲ್‌ನಲ್ಲಿ ಮಾತಾಡೋಣ" ಅಂತ ಉತ್ತರ. ಐರೋಲಿಯಿಂದ ಲಿಖಿತವಾಗಿ ಬಂದಿದೆ: ವಾರಕ್ಕೆ ಮೂರು ದಿನ ಆಫೀಸು.

ರಿಕ್ರೂಟರ್ ಈಗ ಕೌಂಟರ್ ಲೆಟರ್‌ನ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅಂತಿದ್ದಾರೆ. ಕಳಿಸಲಾ?

ಕೊತ್ರೂಡ್_ಕಾಕಾ
ಅಂಕಿ ಹೇಳು ಅಂದವನು ನಾನೇ, ಆದ್ರೆ ಲೆಟರ್ ಬೇಡ. ಅದರ ಮೇಲೆ ಗೌಪ್ಯ ಅಂತ ಇರುತ್ತೆ ನೋಡು.

ವಾಕಡ್_ಹುಡುಗ
ಹೌದು, ಪ್ರತಿ ಪುಟದ ಕೆಳಗೂ ಇದೆ.

ಬಾಣೇರ್_ಅಕ್ಕ
ಕಳಿಸಬೇಡಿ. "ಗೌಪ್ಯ ಪತ್ರ, ಹಂಚೋಕೆ ಬರಲ್ಲ, ಬುಧವಾರ 6ಕ್ಕೆ ತಿಳಿಸ್ತೀನಿ" ಅಂತ ಒಂದು ಸಾಲು ಹಾಕಿ. ಇವತ್ತು ಈ ಲೆಟರ್ ಹೊರಗೆ ಕೊಟ್ಟವನು ನಾಳೆ ನಮ್ಮದನ್ನೂ ಕೊಡ್ತಾನೆ ಅಂತ ಕೇಳಿದವರೇ ಅಂದುಕೊಳ್ತಾರೆ.

ಲೆಕ್ಕದ_ಪಾಟೀಲ
ಮೂರು ದಿನ ಅಂದ್ರ ಬಾಡಿಗಿ ಲೆಕ್ಕ ನಡುಮಧ್ಯ ನಿಂತತು. ಮೂರು ದಿನ ವಾಕಡ್‌ದಿಂದ ಓಡ್ಯಾಡಾಕ ಆಗೂದಿಲ್ಲ, ವಾರಕ್ಕ ಎರಡು ರಾತ್ರಿ ಪಿಜಿ ಹಿಡೀತೀರೋ ಹೆಂಗೋ ನೋಡ್ರಿ. ಅದರ ರೇಟ್ ನಾಳೆ ಕೇಳಿ ಹಾಕ್ರಿ, ಲೆಕ್ಕ ಮಾಡಿ ಕೊಡ್ತೀನಿ.

ಡೊಂಬಿವಲಿ_ಶೆಟ್ರು
ಐರೋಲಿ ಸೆಕ್ಟರ್ ಕಡೆ ಪಿಜಿ ಕೇಳಿ ಹೇಳ್ತೇನೆ, ನಾಳೆ ಮಧ್ಯಾಹ್ನದೊಳಗೆ. ಊಟ ಸೇರಿಯಾ, ಬೇಡವಾ?

ವಾಕಡ್_ಹುಡುಗ
ಊಟ ಬೇಡ ಶೆಟ್ರೇ, ಎರಡೂ ರೇಟ್ ಇದ್ರೆ ಒಳ್ಳೇದು. ಮ್ಯಾನೇಜರ್ ಕಾಲ್ ನಾಳೆ ನಾಲ್ಕಕ್ಕೆ. ದಿನಾಂಕ ಬರವಣಿಗೆಯಲ್ಲಿ ಕೊಡ್ತಾರಾ ಇಲ್ವಾ ಅಂತ ಅಷ್ಟೇ ಕೇಳ್ತೀನಿ.

ವಾಸ್ಕೊ_ನಾಯಕ
ಅಕ್ಕಾ, ನನ್ನ ಬೈಔಟ್ ಕಟ್ಟೋ ದಿನ ಇದೇ 18. ಎಚ್‌ಆರ್‌ಗೆ ನಾಳೆ ಬೆಳಿಗ್ಗೆ ಫೋನ್ ಮಾಡ್ತೇನೆ. 16 ಅಂತ ದಿನಾಂಕ ಕೊಟ್ಟರೆ ಸಾಕಲ್ವಾ?

ಬಾಣೇರ್_ಅಕ್ಕ
16 ಯಾವ ವಾರ ನೋಡಿ. ಭಾನುವಾರ ಬಿದ್ರೆ 14 ಅಂತ ಹೇಳಿ.